ಕೊನೆಯ ಬೆಂಚಿಗೂ ಕಾಣುವ ಕೋಡ್

ಪದವಿ ವಿದ್ಯಾರ್ಥಿಗಳಿಗೆ ಮೊದಲ ಸಲ ಪೈಥಾನ್ ಹೇಳಿಕೊಡಲು ಹೋದಾಗ ನಲವತ್ತು ಸಾಲಿನ ಪ್ರೋಗ್ರಾಂ ಅನ್ನು ಒಂದೇ ಸ್ಲೈಡಿಗೆ ತುರುಕಿದ್ದೆ. ಲೇಸರ್ ಚುಕ್ಕಿ ಆಡಿಸುತ್ತ ಅರ್ಧ ಗಂಟೆ ವಿವರಿಸಿದೆ. ಎಲ್ಲ ಮುಗಿದ ಮೇಲೆ ಕೊನೆಯ ಬೆಂಚಿನ ಹುಡುಗಿ ಕೇಳಿದಳು: "ಸರ್, ಎರಡನೇ ಸಾಲಲ್ಲಿ ಇರೋದು ಸೊನ್ನೆನಾ, ಓ ಅಕ್ಷರಾನಾ?"

ಅಂದಿನಿಂದ ಪಾಠಕ್ಕೆ ಮೊದಲು ಒಂದು ಅಳತೆ ಮಾಡುತ್ತೇನೆ. ಪರದೆ 6 ಅಡಿ ಅಗಲವಿದ್ದು ಕೊನೆಯ ಬೆಂಚು 30 ಅಡಿ ದೂರದಲ್ಲಿದ್ದರೆ, ಅಲ್ಲಿ ಕೂತವರು ಪರದೆಯ ಅಗಲದ ಐದು ಪಟ್ಟು ದೂರದಲ್ಲಿರುತ್ತಾರೆ. ನನ್ನ ಲ್ಯಾಪ್‌ಟಾಪ್ ಪರದೆ ಸುಮಾರು 1 ಅಡಿ ಅಗಲ. ಹಾಗಾಗಿ ಅದರಲ್ಲಿ ಸ್ಲೈಡನ್ನು ಪೂರ್ತಿ ತೆರೆದಿಟ್ಟು, 5 ಅಡಿ ಹಿಂದೆ ನಿಂತು ಓದುತ್ತೇನೆ. ಕಣ್ಣು ಕಿರಿದು ಮಾಡಬೇಕಾದರೆ ಆ ಸ್ಲೈಡ್ ಕೆಲಸಕ್ಕೆ ಬಾರದು.

ಪವರ್‌ಪಾಯಿಂಟಿನ ಅಗಲವಾದ ಸ್ಲೈಡಿನ ಎತ್ತರ 7.5 ಇಂಚು, ಅಂದರೆ 540 ಪಾಯಿಂಟ್. 24 ಪಾಯಿಂಟ್ ಅಕ್ಷರಕ್ಕೆ ಸಾಲಿನ ನಡುವಿನ ಜಾಗವೂ ಸೇರಿ ಹತ್ತಿರಹತ್ತಿರ 29 ಪಾಯಿಂಟ್ ಬೇಕು. ಶೀರ್ಷಿಕೆ, ಅಂಚು ಕಳೆದರೆ ಉಳಿಯುವುದು ಹನ್ನೆರಡು ಸಾಲು. ಅದಕ್ಕಿಂತ ಉದ್ದದ ಕೋಡನ್ನು ಒಡೆಯಬೇಕೇ ಹೊರತು ಅಕ್ಷರ ಕುಗ್ಗಿಸಬಾರದು. ಫಾಂಟ್ ಎಲ್ಲ ಅಕ್ಷರಕ್ಕೂ ಒಂದೇ ಅಗಲ ಕೊಡುವಂಥದ್ದಾಗಿರಲಿ. ಇಲ್ಲವಾದರೆ ಪೈಥಾನ್‌ನ ಜೀವಾಳವಾದ ಇಂಡೆಂಟ್ ಸರಿಯಾಗಿ ಕಾಣದು. ಕನ್ಸೋಲಾಸ್ ಆದೀತು. ಕೊರಿಯರ್ ನ್ಯೂ ತೀರಾ ಸಣಕಲು, ಬೆಳಕಿರುವ ಕೋಣೆಯಲ್ಲಿ ಪರದೆಯ ಮೇಲೆ ಕರಗಿಹೋಗುತ್ತದೆ.

ಓದಲು ಬಂದ ಮಾತ್ರಕ್ಕೆ ಅರ್ಥವಾಗುವುದಿಲ್ಲ. ಮೂರು ಅಂಕಗಳನ್ನು ಕೂಡಿಸುವ ಈ ಪುಟ್ಟ ಕೋಡ್ ನೋಡಿ:

```python
ankagalu = [45, 62, 38]
mottha = 0
for anka in ankagalu:
    mottha = mottha + anka
print(mottha)
```

ಐದು ಸಾಲಿಗೆ ನಾನು ಬಳಸುವುದು ಹನ್ನೊಂದು ಸ್ಲೈಡ್. ಮೊದಲನೆಯದರಲ್ಲಿ ಇಡೀ ಕೋಡ್ ಇರುತ್ತದೆ. ಅದನ್ನೇ ನಕಲು ಮಾಡಿ, ಈಗ ನಡೆಯುತ್ತಿರುವ ಸಾಲನ್ನಷ್ಟೇ ಕಪ್ಪಾಗಿ ಬಿಟ್ಟು ಉಳಿದದ್ದನ್ನು ಬೂದು ಮಾಡುತ್ತೇನೆ. ಅಳಿಸುವುದಿಲ್ಲ, ಸಾಲು ಎಲ್ಲಿ ಕೂತಿದೆ ಎಂಬುದೂ ಕಲಿಯುವವರಿಗೆ ಕಾಣುತ್ತಿರಬೇಕು. ಕೋಡ್ ಒಂದು ಕೂದಲೆಳೆಯಷ್ಟೂ ಜರುಗಬಾರದು. ಜರುಗಿದರೆ ಕಣ್ಣು ಮತ್ತೆ ಮೊದಲಿನಿಂದ ಹುಡುಕುತ್ತದೆ.

ಒಂದನೇ ಮತ್ತು ಎರಡನೇ ಸಾಲಿಗೆ ಒಂದೊಂದು ಸ್ಲೈಡ್. ಲೂಪ್ ಮೂರು ಸುತ್ತು ಹೊಡೆಯುವುದರಿಂದ ಮೂರನೇ ಸಾಲು, ನಾಲ್ಕನೇ ಸಾಲು ಸರದಿಯಂತೆ ಮೂರು ಸಲ ಬರುತ್ತವೆ. ಬಲಬದಿಯಲ್ಲಿ ಒಂದು ಚಿಕ್ಕ ಪಟ್ಟಿಯಲ್ಲಿ `mottha` ಬೆಲೆ ಬದಲಾಗುತ್ತ ಹೋಗುತ್ತದೆ: 0, 45, 107, 145. ಗಣಿತದ ಕಣ್ಣಿಗೆ ನಾಲ್ಕನೇ ಸಾಲು ತಪ್ಪು ಸಮೀಕರಣದಂತೆ ಕಾಣುವುದು ಸಹಜ. ಬಲಗಡೆಯದನ್ನು ಮೊದಲು ಲೆಕ್ಕ ಹಾಕಿ, ಬಂದ ಉತ್ತರವನ್ನು ಎಡಗಡೆಯ ಹೆಸರಿಗೆ ಕೊಡಲಾಗುತ್ತದೆ ಎಂದು ಇಲ್ಲಿ ನಿಂತು ಹೇಳಬೇಕು. ಮುಂದಿನ ಸ್ಲೈಡ್ ಒತ್ತುವ ಮುನ್ನ "ಈಗ ಎಷ್ಟಾಯಿತು?" ಎಂದು ಕೇಳುತ್ತೇನೆ. ತಪ್ಪು ಉತ್ತರ ಬಂದರೆ ಎಲ್ಲಿ ಎಡವಿದ್ದಾರೆಂದು ಅಲ್ಲೇ ತಿಳಿಯುತ್ತದೆ.

ಬಹಳಷ್ಟು ಮೇಷ್ಟ್ರುಗಳು ಬಿಟ್ಟುಬಿಡುವುದು ಹತ್ತನೇ ಸ್ಲೈಡನ್ನು. ಮೂರನೇ ಸಾಲಿಗೆ ನಾಲ್ಕನೇ ಸಲ ಮರಳಿ ಬಂದಾಗ `ankagalu` ಪಟ್ಟಿಯಲ್ಲಿ ತೆಗೆದುಕೊಳ್ಳಲು ಏನೂ ಉಳಿದಿಲ್ಲ. ಆದ್ದರಿಂದಲೇ ಪ್ರೋಗ್ರಾಂ ಐದನೇ ಸಾಲಿಗೆ ಹೋಗುತ್ತದೆ. ಈ ಹೆಜ್ಜೆ ತೋರಿಸದಿದ್ದರೆ ಲೂಪ್ ನಿಲ್ಲುವುದು ಮಾಯದಂತೆ ಕಾಣುತ್ತದೆ. `print` ಅನ್ನು ಲೂಪಿನ ಒಳಗಿಟ್ಟು, ಮೂರು ಉತ್ತರ ಯಾಕೆ ಬಂತು ಎಂದು ತಲೆ ಕೆರೆದುಕೊಳ್ಳುವವರ ಗೊಂದಲವೂ ಇಲ್ಲಿಯದೇ.

ಬ್ರೌಸರಿನಲ್ಲಿ ನಡೆಯುವ `reveal.js` ಬಳಸುವವರಿಗೆ ನಕಲು ಮಾಡುವ ಕೆಲಸವಿಲ್ಲ. `code` ಟ್ಯಾಗಿಗೆ ಇಷ್ಟು ಸೇರಿಸಿದರೆ ಹನ್ನೊಂದೂ ಹೆಜ್ಜೆ ಸಿಗುತ್ತವೆ:

```html
data-line-numbers="|1|2|3|4|3|4|3|4|3|5"
```

ಮೊದಲ ಗೆರೆಗೂ ಮುಂಚಿನ ಖಾಲಿ ಜಾಗವೇ ಇಡೀ ಕೋಡ್ ತೋರಿಸುವ ಮೊದಲ ಹೆಜ್ಜೆ. ಬೆಲೆಗಳ ಪಟ್ಟಿಯನ್ನು ಮಾತ್ರ ಬೇರೆಯಾಗಿ ಜೋಡಿಸಿಕೊಳ್ಳಬೇಕು.

ಪವರ್‌ಪಾಯಿಂಟಿನಲ್ಲಿ ಇನ್ನೊಂದು ಕಾಟವಿದೆ. ಕೋಡನ್ನು ಅಲ್ಲೇ ಟೈಪ್ ಮಾಡಿದರೆ ನೇರ ಉದ್ಧರಣ ಚಿಹ್ನೆಗಳನ್ನು ಅದು ತಾನಾಗಿ ಬಾಗಿಸುತ್ತದೆ, `print` ಅನ್ನು `Print` ಮಾಡುತ್ತದೆ. ಸ್ಲೈಡಿನಿಂದ ನಕಲು ಮಾಡಿಕೊಂಡ ವಿದ್ಯಾರ್ಥಿಗೆ ಸಿಗುವುದು ದೋಷದ ಸಂದೇಶ. ಆಟೋಕರೆಕ್ಟ್ ನಿಲ್ಲಿಸಿ, ಓಡಿಸಿ ನೋಡಿದ ಕೋಡನ್ನೇ ಎಡಿಟರ್‌ನಿಂದ ತಂದು ಅಂಟಿಸಿ. ವಿಎಸ್ ಕೋಡ್ ಬಣ್ಣಗಳನ್ನೂ ಜೊತೆಗೆ ಕಳಿಸುತ್ತದೆ. ಆದ್ದರಿಂದ ನಕಲು ಮಾಡುವ ಮೊದಲು ಅಲ್ಲಿ ತಿಳಿ ಹಿನ್ನೆಲೆಯ ಥೀಮ್ ಆರಿಸಿಕೊಳ್ಳಿ. ಕತ್ತಲೆ ಥೀಮಿನ ತಿಳಿ ಅಕ್ಷರಗಳು ಬಿಳಿ ಸ್ಲೈಡಿನಲ್ಲಿ ಕಾಣುವುದೇ ಇಲ್ಲ.

ಕನ್ನಡ ವಿವರಣೆಯನ್ನು ಕೋಡಿನ ಒಳಗೆ ಕಮೆಂಟಾಗಿ ಹಾಕಬೇಡಿ. ನಮ್ಮ ಅಕ್ಷರಗಳು ಆ ಸಮ ಅಗಲದ ಮನೆಗಳಲ್ಲಿ ಕೂರುವುದಿಲ್ಲ. ಕೋಡಿನ ಕೆಳಗೆ ಒಂದು ಸಾಲು ಬರೆದರೆ ಸಾಕು.

ಮುಂದಿನ ಪಾಠದ ದಿನ ಹತ್ತು ನಿಮಿಷ ಮೊದಲೇ ತರಗತಿಗೆ ಹೋಗಿ, ಸ್ಲೈಡ್ ಹಾಕಿ, ಕೊನೆಯ ಬೆಂಚಿನಲ್ಲಿ ನೀವೇ ಕೂತು ಎರಡನೇ ಸಾಲು ಓದಿ. ಸೊನ್ನೆ ಸೊನ್ನೆಯಾಗಿಯೇ ಕಂಡರೆ ಪಾಠ ಶುರು ಮಾಡಬಹುದು.