ಅರ್ಜಿಯಲ್ಲಿ ಕೆಲಸದ ಪಟ್ಟಿಯೋ, ಕೆಲಸದ ಫಲವೋ?

ನಮ್ಮ ವಾಚನಾಲಯದ ಮೇಜಿನ ಮೇಲೆ ಪತ್ರಿಕೆ ಓದುವವರಷ್ಟೇ ಮಂದಿ ಅರ್ಜಿ ಬರೆಯುವವರೂ ಕೂಡುತ್ತಾರೆ. ಗಿರಣಿಯಲ್ಲಿ ಲೆಕ್ಕ ಬರೆಯುವವನೆಂದು ಅವರಲ್ಲಿ ಕೆಲವರು ತಮ್ಮ ರೆಸ್ಯೂಮೆಯನ್ನು ನನಗೆ ತೋರಿಸುವುದುಂಟು. ಕಳೆದ ತಿಂಗಳು ಬೀದರ ಕಡೆಯ ತರುಣನೊಬ್ಬ ತನ್ನದನ್ನು ತಂದಿದ್ದ. ಗಚ್ಚಿಬೌಲಿಯ ದೊಡ್ಡ ಕಚೇರಿ ಕಟ್ಟಡವೊಂದರಲ್ಲಿ ಬಲ್ಬು, ನಲ್ಲಿ, ಫಿನಾಯಿಲು ಮೊದಲಾದವುಗಳ ಸ್ಟೋರ್ ನೋಡಿಕೊಳ್ಳುವ ಕೆಲಸ ಅವನದು. ಅದರಲ್ಲಿ ಹೀಗೆ ಬರೆದಿತ್ತು: “ಸಾಮಾನು ಪಡೆಯುವುದು, ವಿತರಿಸುವುದು, ದಾಖಲೆ ಇಡುವುದು, ವರದಿ ಸಲ್ಲಿಸುವುದು.”

ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಹೈದರಾಬಾದಿನ ಯಾವ ಸ್ಟೋರ್ ಗುಮಾಸ್ತನಾದರೂ ಇದೇ ನಾಲ್ಕು ಮಾತು ಬರೆಯಬಲ್ಲ. ಇದು ಹುದ್ದೆಯ ವರ್ಣನೆಯಾಯಿತು, ಮನುಷ್ಯನದಾಗಲಿಲ್ಲ. ಅವನು ಅರ್ಜಿ ಹಾಕಬೇಕೆಂದಿದ್ದ ಜಾಹೀರಾತಿನಲ್ಲಿ ಕೇಳಿದ್ದು ಮುಖ್ಯವಾಗಿ ಒಂದೇ: ಪುಸ್ತಕದ ಸ್ಟಾಕೂ ಕಪಾಟಿನ ಸ್ಟಾಕೂ ತಾಳೆಯಾಗುವಂತೆ ನೋಡಿಕೊಳ್ಳಬಲ್ಲವರು ಬೇಕು.

“ತಾಳೆ ವಿಷಯದಾಗ ನೀನು ಏನು ಮಾಡೀದಿ?” ಎಂದು ಕೇಳಿದೆ.

“ನಂದೇನದ ಅಣ್ಣಾ? ಬಂದಿದ್ದು ಬರಕೊಳ್ಳೋದು, ಕೇಳಿದ್ದು ಕೊಡೋದು” ಎಂದ.

ಕೆದಕಿ ಕೇಳಿದ ಮೇಲೆ ಸಂಗತಿ ಹೊರಬಿತ್ತು. ಸ್ಟೋರಿನಲ್ಲಿ 640 ಬಗೆಯ ಸಾಮಾನುಗಳಿದ್ದವು. ಅವನು ಸೇರಿದ ವರ್ಷ ನಡೆದ ಎಣಿಕೆಯಲ್ಲಿ 58 ಬಗೆಗಳಲ್ಲಿ ಲೆಕ್ಕ ತಪ್ಪಿತ್ತು, ಅಂದರೆ ನೂರಕ್ಕೆ ಸುಮಾರು 9. ಕಾರಣ ಕಳವಲ್ಲ. ಸಾಮಾನು ಡಬ್ಬಿಯ ಲೆಕ್ಕದಲ್ಲಿ ಜಮೆಯಾಗಿ ಬಿಡಿಯ ಲೆಕ್ಕದಲ್ಲಿ ಖರ್ಚಾಗುತ್ತಿತ್ತು. ಕೊಟ್ಟ ಚೀಟಿಗಳನ್ನು ಮರುದಿನ ಪುಸ್ತಕಕ್ಕೆ ಏರಿಸುತ್ತಿದ್ದರು. ಇವನೂ ಇನ್ನೊಬ್ಬ ಗುಮಾಸ್ತನೂ ಸೇರಿ ಪ್ರತಿ ಕಪಾಟಿನ ಚೀಟಿಯ ಮೇಲೆ “ಡಬ್ಬಿ” ಅಥವಾ “ಬಿಡಿ” ಎಂದು ಬರೆದರು, ಚೀಟಿಗಳನ್ನು ಅದೇ ಸಂಜೆ ಏರಿಸತೊಡಗಿದರು, ಮತ್ತು ವರ್ಷಕ್ಕೊಮ್ಮೆ ಎಲ್ಲವನ್ನೂ ಎಣಿಸುವ ಬದಲು ದಿನಕ್ಕೆ 25 ಬಗೆಗಳಂತೆ ಎಣಿಸಿದರು. ಹೀಗೆ 26 ಕೆಲಸದ ದಿನಗಳಲ್ಲಿ ಇಡೀ ಸ್ಟೋರು ಒಂದು ಸುತ್ತು ಮುಗಿಯುತ್ತಿತ್ತು. ಆರು ತಿಂಗಳ ಮೇಲೆ ತಪ್ಪಿದ ಬಗೆಗಳು 13ಕ್ಕೆ, ನೂರಕ್ಕೆ ಸುಮಾರು 2ಕ್ಕೆ ಇಳಿದವು.

ಇಷ್ಟು ಸಂಗತಿ ಇವನ ಹೊಟ್ಟೆಯಲ್ಲಿ ಅಡಗಿತ್ತು, ಕಾಗದದ ಮೇಲೆ ಒಂದಕ್ಷರವೂ ಇರಲಿಲ್ಲ! ಕೊನೆಗೆ ಹೀಗೆ ಬರೆದೆವು: “640 ಬಗೆಯ ಸಾಮಾನುಗಳ ಸ್ಟೋರಿನಲ್ಲಿ, ಸಹೋದ್ಯೋಗಿಯೊಬ್ಬರೊಡನೆ ದಿನವಹಿ ಎಣಿಕೆಯ ಕ್ರಮ ಆರಂಭಿಸಿ, ಆರು ತಿಂಗಳಲ್ಲಿ ತಾಳೆಯಾಗದ ಬಗೆಗಳನ್ನು 58ರಿಂದ 13ಕ್ಕೆ ಇಳಿಸಿದೆ.” ಇದರಲ್ಲಿ ಸ್ಟೋರು ಎಷ್ಟು ದೊಡ್ಡದು, ಮಾಡಿದ್ದೇನು, ಮೊದಲು ಎಷ್ಟು, ಆಮೇಲೆ ಎಷ್ಟು, ಎಷ್ಟು ಕಾಲದಲ್ಲಿ ಎಂಬುದೆಲ್ಲ ಇದೆ. “ಸಹೋದ್ಯೋಗಿಯೊಬ್ಬರೊಡನೆ” ಎಂಬುದನ್ನು ತೆಗೆದುಬಿಡೋಣವೆಂದ. ನಾನು ಒಪ್ಪಲಿಲ್ಲ. ಸಂದರ್ಶನದಲ್ಲಿ “ಒಬ್ಬನೇ ದಿನಕ್ಕೆ 25 ಎಣಿಸಿ, ಸಾಮಾನೂ ಕೊಟ್ಟೆಯಾ?” ಎಂದರೆ ಉತ್ತರ ಬೇಕಲ್ಲ!

ಹಾಗೆಂದು ಹಳೆಯ ಪಟ್ಟಿಯನ್ನು ಪೂರ್ತಿ ಹೊಡೆದುಹಾಕಲಿಲ್ಲ. ದೊಡ್ಡ ಕಂಪನಿಗಳಲ್ಲಿ ಅನೇಕ ವೇಳೆ ಅರ್ಜಿಗಳನ್ನು ಮೊದಲು ಕಂಪ್ಯೂಟರಿನಲ್ಲಿ ಪದ ಹಾಕಿ ಹುಡುಕುತ್ತಾರೆ. ಜಾಹೀರಾತಿನಲ್ಲಿರುವ ಕೆಲಸದ ಹೆಸರು ಅರ್ಜಿಯಲ್ಲಿ ಇಲ್ಲದಿದ್ದರೆ, ಅಂಕಿ ಎಷ್ಟೇ ಚೆನ್ನಾಗಿದ್ದರೂ ಅದು ಓದುವವನ ಕೈಗೆ ಬಾರದೆ ಹೋಗಬಹುದು. ಆದಕಾರಣ ಕೆಲಸದ ಹೆಸರುಗಳನ್ನು ಒಂದು ಸಾಲಿಗೆ ಇಳಿಸಿ, ಅದರ ಕೆಳಗೆ ಫಲವನ್ನು ಬರೆದೆವು.

ಇದೇ ತರುಣ ನಾಳೆ ಶಂಷಾಬಾದಿನ ಕಡೆ ಗೋದಾಮಿನಿಂದ ಸರಕು ರವಾನಿಸುವ ಕೆಲಸಕ್ಕೆ ಅರ್ಜಿ ಹಾಕಿದರೆ ಈ ಸಾಲು ಮೇಲೆ ಬರತಕ್ಕದ್ದಲ್ಲ. ಅಲ್ಲಿ ಕೇಳುವುದು ವೇಗವನ್ನು. ದಿನಕ್ಕೆ ಎಷ್ಟು ಬೇಡಿಕೆ ಚೀಟಿ ಬಂದವು, ಅದೇ ದಿನ ಎಷ್ಟು ತೀರಿದವು ಎಂಬುದೇ ಅಲ್ಲಿ ಮುಖ್ಯ. ಅಂಕಿ ದೊಡ್ಡದಾದರೆ ಸಾಲದು, ಕೇಳಿದ ಪ್ರಶ್ನೆಗೆ ಅದು ಉತ್ತರವಾಗಿರಬೇಕು.

ಶೇಕಡಾ ಲೆಕ್ಕವಂತೂ ಜನರನ್ನು ಬಹಳ ಕೆಡಿಸುತ್ತದೆ. ತಿಂಗಳಿಗೆ ಎರಡು ದೂರು ಬರುತ್ತಿದ್ದುದು ಒಂದಾದರೆ “ದೂರುಗಳನ್ನು ಶೇಕಡಾ 50 ಕಡಿಮೆ ಮಾಡಿದೆ” ಎಂದು ಬರೆದವರನ್ನು ನೋಡಿದ್ದೇನೆ. “ಒಟ್ಟು ಎಷ್ಟು ದೂರು?” ಎಂಬ ಒಂದೇ ಪ್ರಶ್ನೆಗೆ ಅದು ಕುಸಿದುಬೀಳುತ್ತದೆ. ಮೂಲಸಂಖ್ಯೆ ಸಣ್ಣದಿದ್ದರೆ ಶೇಕಡಾ ಬಿಟ್ಟು ಸಂಖ್ಯೆಯನ್ನೇ ಬರೆಯುವುದು ಲೇಸು. ಸರಬರಾಜುದಾರರ ದರದಂತಹ ಕಂಪನಿಯ ಗುಟ್ಟಿನ ಅಂಕಿಗಳನ್ನೂ ಬರೆಯಬಾರದು. ಹೊಸ ಧಣಿ ಅದನ್ನು ಓದಿ, ನಾಳೆ ತನ್ನ ಗುಟ್ಟೂ ಹೀಗೆಯೇ ಹೊರಬೀಳುವುದೆಂದುಕೊಳ್ಳುತ್ತಾನೆ.

ಎಲ್ಲ ಕೆಲಸಕ್ಕೂ ಮೊದಲು ಇಷ್ಟು, ಆಮೇಲೆ ಇಷ್ಟು ಎಂಬ ಲೆಕ್ಕ ಸಿಕ್ಕುವುದಿಲ್ಲ. ನನ್ನದೇ ಅಂಥದ್ದು. ಹಾಜರಿ ಪುಸ್ತಕ ನಿನ್ನೆಯೂ ಸರಿಯಿತ್ತು, ಇಂದೂ ಸರಿಯಿದೆ. ಅಂಥವರು ಇಲ್ಲದ ಸುಧಾರಣೆಯನ್ನು ಹುಟ್ಟಿಸದೆ, ಎಷ್ಟು ಜನರ ಹಾಜರಿ, ತಿಂಗಳ ಯಾವ ತಾರೀಖಿನೊಳಗೆ, ಎಷ್ಟು ವರ್ಷ ತಪ್ಪದೆ ಕೊಟ್ಟೆ ಎಂದು ಬರೆಯಬಹುದು. ಇದಕ್ಕೆಲ್ಲ ಪುಸ್ತಕ ಕೈಯಲ್ಲಿರುವಾಗಲೇ ಅಂಕಿಗಳನ್ನು ಗುರುತು ಹಾಕಿಕೊಂಡಿರಬೇಕು. ನಮ್ಮ ಬೀದರದ ತರುಣನಿಗೆ 58 ಎಂಬುದು ನೆನಪಿದ್ದುದು ಆ ಎಣಿಕೆಯ ದಿನ ಬೈಸಿಕೊಂಡಿದ್ದರಿಂದ. 13 ಎಂಬುದನ್ನು ಮಾತ್ರ ಸ್ಟೋರಿಗೆ ಹೋಗಿ ಪುಸ್ತಕ ನೋಡಿಕೊಂಡು ಬರಬೇಕಾಯಿತು.