ಎರಡು ವಾರ, ನಾಲ್ಕು ಜನ, ಎಷ್ಟು ಕೆಲಸ?

ಸಾಫ್ಟ್‌ವೇರ್ ತಂಡಗಳು ಸಾಮಾನ್ಯವಾಗಿ ಎರಡೆರಡು ವಾರದ ಕಂತುಗಳಲ್ಲಿ ಕೆಲಸ ಮಾಡುತ್ತವೆ. ಒಂದೊಂದು ಕಂತೂ ಒಂದು ಸ್ಪ್ರಿಂಟ್. ಅದು ಶುರುವಾಗುವ ದಿನ ಎಲ್ಲರೂ ಕೂತು, ಬ್ಯಾಕ್‌ಲಾಗ್ ಎಂಬ ಬಾಕಿ ಕೆಲಸದ ಪಟ್ಟಿಯಿಂದ ಈ ಸಲ ಎಷ್ಟು ಎತ್ತಿಕೊಳ್ಳುವುದೆಂದು ತೀರ್ಮಾನಿಸುತ್ತಾರೆ. ಯಾವ ಕೆಲಸ ಎಂಬುದರ ಚರ್ಚೆ ಗಂಟೆಗಟ್ಟಲೆ ನಡೆಯುತ್ತದೆ. ಯಾರು ಎಷ್ಟು ದಿನ ಸಿಗುತ್ತಾರೆ ಎಂದು ಕೇಳುವವರು ಕಡಿಮೆ.

ಕ್ಲಿನಿಕ್‌ಗಳಿಗೆ ಅಪಾಯಿಂಟ್‌ಮೆಂಟ್ ಆ್ಯಪ್ ಮಾಡುವ ಬೆಂಗಳೂರಿನ ನಾಲ್ವರ ತಂಡವೊಂದನ್ನು ಊಹಿಸಿಕೊಳ್ಳಿ. ಹತ್ತು ಕೆಲಸದ ದಿನವೆಂದರೆ ನಾಲ್ವರಿಂದ 40 ದಿನದ ದುಡಿಮೆ. ನಡುವೆ ರಾಜ್ಯೋತ್ಸವದ ರಜೆ ಬಂದರೆ 4 ಹೋಯಿತು. ಒಬ್ಬರ ತಂಗಿಯ ಮದುವೆಗೆ 3. ಗ್ರಾಹಕರ ದೂರು ನೋಡುವ ಸರದಿಯವರ ಒಂದು ವಾರ ಅಂದರೆ 5. ಉಳಿದದ್ದು 28.

ಇದನ್ನು ದಿನಕ್ಕೆ ಎಂಟು ಗಂಟೆಯಂತೆ ಗುಣಿಸಲು ಹೋಗಬೇಡಿ. ಮೀಟಿಂಗು, ಫೋನು, ಇನ್ನೊಬ್ಬರ ಕೋಡ್ ಪರಿಶೀಲನೆ ಎಲ್ಲವೂ ಅದರೊಳಗೇ ಸೇರಿವೆ. ಹಿಂದಿನ ಸ್ಪ್ರಿಂಟ್‌ಗಳನ್ನು ನೋಡುವುದೇ ವಾಸಿ. ಕೆಲಸಗಳನ್ನು ಒಂದಕ್ಕೊಂದು ಹೋಲಿಸಿ ಗಾತ್ರಕ್ಕೆ ಕೊಡುವ ಅಂಕ ಪಾಯಿಂಟ್. ಕಳೆದ ಮೂರು ಸಲ ಸರಾಸರಿ 35 ದಿನದ ದುಡಿಮೆಯಲ್ಲಿ 20 ಪಾಯಿಂಟ್ ಮುಗಿದಿದ್ದರೆ, 28 ದಿನಕ್ಕೆ 16. ಅರ್ಧ ಮುಗಿದ ಕೆಲಸಕ್ಕೆ ಇಲ್ಲಿ ಸೊನ್ನೆ. ಅದನ್ನೂ ಸೇರಿಸಿಕೊಂಡರೆ ಸರಾಸರಿ ಸುಳ್ಳು ಹೇಳುತ್ತದೆ.

ಇನ್ನು ಪಟ್ಟಿಯ ಕ್ರಮ. ಹಣ ಎರಡು ಸಲ ಕಡಿತವಾಗುವ ದೋಷ (3 ಪಾಯಿಂಟ್) ಮೊದಲಿಗೆ ಬಂತು, ಅದರಲ್ಲಿ ವಾದವಿಲ್ಲ. ಎರಡನೆಯದು ಮಾತ್ರ ಅನುಭವಿಗಳಿಗಷ್ಟೇ ಹೊಳೆಯುವಂಥದ್ದು. ರೋಗಿಗಳಿಗೆ ಎಸ್‌ಎಂಎಸ್ ನೆನಪೋಲೆ ಕಳಿಸಬೇಕಾದರೆ, ಭಾರತದಲ್ಲಿ ಆ ಸಂದೇಶದ ನಮೂನೆಯನ್ನು ಮೊದಲೇ ಟೆಲಿಕಾಂ ಕಂಪನಿಗಳ ಡಿಎಲ್‌ಟಿ ವ್ಯವಸ್ಥೆಯಲ್ಲಿ ನೋಂದಾಯಿಸಬೇಕು. ಕೆಲಸ 1 ಪಾಯಿಂಟಿನದು, ಆದರೆ ಒಪ್ಪಿಗೆ ಬರುವುದು ನಮ್ಮ ಕೈಯಲ್ಲಿಲ್ಲ. ಅದನ್ನು ಮೊದಲ ದಿನವೇ ಕಳಿಸದಿದ್ದರೆ, 5 ಪಾಯಿಂಟಿನ ನೆನಪೋಲೆ ಬರೆದು ಮುಗಿದರೂ ಕಂತಿನ ಕೊನೆಗೆ ಕಾಯುತ್ತಾ ಕೂರುತ್ತದೆ. ಆಮೇಲೆ ಅಪಾಯಿಂಟ್‌ಮೆಂಟ್ ರದ್ದು ಮಾಡುವ ಸೌಲಭ್ಯ, 5. ಒಟ್ಟು 14.

ಮುಂದಿನದು ತಿಂಗಳ ವರದಿಯ ಪುಟ, 8 ಪಾಯಿಂಟ್. ಮಾಲೀಕರಿಗೆ ಅದರ ಮೇಲೇ ಕಣ್ಣು. ಹೇಗೋ ತುರುಕೋಣ ಎಂಬ ಆಸೆ ಹುಟ್ಟುವುದು ಇಲ್ಲೇ. ಬದಲಿಗೆ ಅದನ್ನು ಒಡೆದು, ದಿನದ ಎಣಿಕೆಯಷ್ಟನ್ನೇ ತೋರಿಸುವ 2 ಪಾಯಿಂಟಿನ ತುಂಡನ್ನು ಎತ್ತಿಕೊಳ್ಳಬಹುದು.

ಮೊತ್ತ ಸರಿಹೋದರೂ ಇನ್ನೊಂದು ಪರೀಕ್ಷೆ ಬಾಕಿ. ಮೊಬೈಲ್ ಕೋಡ್ ಬಲ್ಲವರು ಒಬ್ಬರೇ ಇದ್ದು, ಮದುವೆಗೆ ಹೊರಟವರೂ ಅವರೇ ಆದರೆ 16 ಎಂಬುದು ಬರೀ ಕಾಗದದ ಲೆಕ್ಕ. ಎಂಟನೆಯ ದಿನ ಎಲ್ಲ ಕೆಲಸವೂ ಶುರುವಾಗಿ ಒಂದೂ ಮುಗಿಯದಿದ್ದರೆ ಅಂದಾಜು ತಪ್ಪಿದೆಯೆಂದೇ ತಿಳಿಯಿರಿ. ಆಗ ಪಟ್ಟಿಯ ಕೆಳಗಿನದನ್ನು ಬಿಟ್ಟು ಮೇಲಿನದನ್ನು ಇಬ್ಬರು ಸೇರಿ ಮುಗಿಸುವುದೇ ಸರಿ. ನಡುವೆ ಹೊಸ ಕೆಲಸ ನುಗ್ಗಿದರೆ, ಅಷ್ಟೇ ಪಾಯಿಂಟಿನ ಯಾವುದು ಹೊರಹೋಗಬೇಕೆಂದು ಮಾಲೀಕರನ್ನೇ ಕೇಳಿ.