ಫಾರ್ಮ್ 16ರ ಮೂರು ಅಂಕಿಗಳು

ಸಂಬಳದಲ್ಲಿ ಆದಾಯ ತೆರಿಗೆ ಹಿಡಿದ ಉದ್ಯೋಗದಾತರು ಅದರ ಲೆಕ್ಕವನ್ನು ನೌಕರರಿಗೆ ಕೊಡುವ ವಾರ್ಷಿಕ ಪ್ರಮಾಣಪತ್ರವೇ ಫಾರ್ಮ್ 16. ಮಾರ್ಚ್ 31ಕ್ಕೆ ಮುಗಿದ ಆರ್ಥಿಕ ವರ್ಷದ ಫಾರ್ಮ್ ಜೂನ್ 15ರೊಳಗೆ ನೌಕರರ ಕೈ ಸೇರಬೇಕು. ಅದು ಕೈಗೆ ಬಂದ ವಾರದಲ್ಲೇ ಕಚೇರಿಯ ಸಂಬಳ ವಿಭಾಗಕ್ಕೆ ಪ್ರಶ್ನೆಗಳು ಬರತೊಡಗುತ್ತವೆ. ಬ್ಯಾಂಕಿಗೆ ಬಂದದ್ದಕ್ಕಿಂತ ಹೆಚ್ಚು ಸಂಬಳ ತೋರಿಸಿದ್ದೇಕೆ, ಕಟ್ಟಿದ ಬಾಡಿಗೆ ಪೂರ್ತಿ ಏಕೆ ಕಳೆದಿಲ್ಲ, ಪಕ್ಕದ ಮೇಜಿನವರಿಗಿಂತ ತೆರಿಗೆ ಹೆಚ್ಚಾದದ್ದು ಹೇಗೆ? ಹಲವು ಪುಟಗಳ ಫಾರ್ಮನ್ನು ಆದಾಯ, ವಿನಾಯಿತಿ, ಹಿಡಿದ ತೆರಿಗೆ ಎಂಬ ಮೂರು ಸಾಲಿಗೆ ಇಳಿಸಿಕೊಂಡರೆ ಇಂಥ ಬಹುಪಾಲು ಪ್ರಶ್ನೆಗಳಿಗೆ ಉತ್ತರ ಅಲ್ಲಿಯೇ ಇರುತ್ತದೆ.

ಫಾರ್ಮಿನಲ್ಲಿ ಎರಡು ಭಾಗಗಳಿವೆ. ‘ಎ’ ಭಾಗವನ್ನು ಉದ್ಯೋಗದಾತರು ಆದಾಯ ತೆರಿಗೆ ಇಲಾಖೆಯ ಟ್ರೇಸಸ್ ಜಾಲತಾಣದಿಂದ ಇಳಿಸಿಕೊಳ್ಳುತ್ತಾರೆ. ಯಾವ ತ್ರೈಮಾಸಿಕದಲ್ಲಿ ಎಷ್ಟು ತೆರಿಗೆ ಹಿಡಿಯಲಾಯಿತು, ಸರ್ಕಾರಕ್ಕೆ ಎಷ್ಟು ಕಟ್ಟಲಾಯಿತು ಎಂಬುದಷ್ಟೇ ಅದರ ತಿರುಳು. ಆ ತೆರಿಗೆ ಹೇಗೆ ಹುಟ್ಟಿತು ಎಂಬ ಲೆಕ್ಕ ಇರುವುದು ‘ಬಿ’ ಭಾಗದಲ್ಲಿ. ಆದಾಯ ಮತ್ತು ವಿನಾಯಿತಿಯ ಸಾಲುಗಳನ್ನು ‘ಬಿ’ಯಿಂದಲೂ ಹಿಡಿದ ತೆರಿಗೆಯ ಸಾಲನ್ನು ‘ಎ’ಯಿಂದಲೂ ಎತ್ತಿಕೊಳ್ಳಬೇಕು. ಎಲ್ಲವನ್ನೂ ‘ಬಿ’ಯಿಂದಲೇ ಬರೆದುಕೊಂಡರೆ ಕಟ್ಟಬೇಕಾದ ತೆರಿಗೆಯನ್ನೇ ಕಟ್ಟಿದ ತೆರಿಗೆ ಎಂದು ತಿಳಿಯುವ ಅಪಾಯವಿದೆ.

ಬೆಂಗಳೂರಿನ ಒಬ್ಬ ನೌಕರರ 2024–25ನೇ ಸಾಲಿನ ಲೆಕ್ಕವನ್ನು ಉದಾಹರಣೆಯಾಗಿ ಕಟ್ಟಿಕೊಳ್ಳಬಹುದು. ಅವರ ಮೂಲ ವೇತನ ತಿಂಗಳಿಗೆ 40,000, ಮನೆ ಬಾಡಿಗೆ ಭತ್ಯೆ 20,000, ವಿಶೇಷ ಭತ್ಯೆ 15,000 ರೂಪಾಯಿ. ವರ್ಷಕ್ಕೆ ಒಟ್ಟು 9,00,000. ‘ಬಿ’ ಭಾಗದ ಒಟ್ಟು ಸಂಬಳದ ಸಾಲಿನಲ್ಲಿ ಇರುವುದು ಇದೇ ಅಂಕಿ. ನೇಮಕಾತಿ ಪತ್ರದಲ್ಲಿ ಮಾತ್ರ ವಾರ್ಷಿಕ ಪ್ಯಾಕೇಜು 9,57,600 ಎಂದಿದೆ. ಹೆಚ್ಚಿನ 57,600 ರೂಪಾಯಿ ಕಂಪನಿ ತನ್ನ ಪಾಲಿಗೆ ಭವಿಷ್ಯ ನಿಧಿಗೆ ಕಟ್ಟುವ ಹಣ. ಅದು ಮೂಲ ವೇತನದ ಶೇ 12ರ ಮಿತಿಯೊಳಗೆ ಇರುವುದರಿಂದ ತೆರಿಗೆಯ ಲೆಕ್ಕದ ಸಂಬಳಕ್ಕೆ ಸೇರುವುದಿಲ್ಲ. ಇನ್ನು ಬ್ಯಾಂಕಿಗೆ ಬಂದದ್ದು 8,04,120 ಮಾತ್ರ. ಭವಿಷ್ಯ ನಿಧಿಗೆ ನೌಕರರ ಪಾಲು 57,600, ವೃತ್ತಿ ತೆರಿಗೆ 2,400, ಆದಾಯ ತೆರಿಗೆ 35,880 ರೂಪಾಯಿ ಸಂಬಳ ಕೈಗೆ ಬರುವ ಮೊದಲೇ ಹೋಗಿವೆ. ಪ್ಯಾಕೇಜು, ಫಾರ್ಮ್, ಪಾಸ್‌ಬುಕ್ ಮೂರು ಕಡೆ ಮೂರು ಮೊತ್ತ ಕಂಡರೂ ಮೂರೂ ಸರಿಯಾಗಿಯೇ ಇವೆ.

ಎರಡನೇ ಸಾಲು ವಿನಾಯಿತಿಯದು. ಗೊಂದಲ ಹೆಚ್ಚು ಇರುವುದು ಇಲ್ಲಿಯೇ. ಈ ನೌಕರರು ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರು. ತಿಂಗಳಿಗೆ 15,000ದಂತೆ ವರ್ಷಕ್ಕೆ 1,80,000 ರೂಪಾಯಿ ಬಾಡಿಗೆ ಕೊಟ್ಟಿದ್ದಾರೆ. ಆದರೂ ವಿನಾಯಿತಿ ಸಿಕ್ಕಿರುವುದು 1,32,000ಕ್ಕೆ. ಕಾನೂನು ಇಲ್ಲಿ ಮೂರು ಮೊತ್ತಗಳನ್ನು ಅಕ್ಕಪಕ್ಕ ಇಟ್ಟು ಅತಿ ಚಿಕ್ಕದನ್ನು ಆರಿಸುತ್ತದೆ. ಮೊದಲನೆಯದು ಪಡೆದ ಭತ್ಯೆ 2,40,000. ಎರಡನೆಯದು ಮೂಲ ವೇತನದ ಶೇ 40, ಅಂದರೆ 1,92,000. ಮೂರನೆಯದು ಕೊಟ್ಟ ಬಾಡಿಗೆಯಲ್ಲಿ ಮೂಲ ವೇತನದ ಶೇ 10 ಕಳೆದು ಉಳಿಯುವ 1,32,000. ಆ ವರ್ಷದ ನಿಯಮದಲ್ಲಿ ಶೇ 50ರ ಲೆಕ್ಕ ಮುಂಬೈ, ಕೋಲ್ಕತ್ತ, ದೆಹಲಿ ಮತ್ತು ಚೆನ್ನೈಗೆ ಮಾತ್ರ ಇತ್ತು. ಬಾಡಿಗೆಯಲ್ಲಿ ಯಾರಿಗೂ ಕಡಿಮೆ ಇಲ್ಲದ ಬೆಂಗಳೂರು ಶೇ 40ರ ಗುಂಪಿನಲ್ಲಿತ್ತು. ಈ ನೌಕರರ ಮಟ್ಟಿಗೆ ಅದರಿಂದ ವ್ಯತ್ಯಾಸವೇನೂ ಆಗಿಲ್ಲ. ಅವರನ್ನು ಕಟ್ಟಿಹಾಕಿದ್ದು ಮೂರನೆಯ ಮೊತ್ತ.

ಬಾಡಿಗೆ ಭತ್ಯೆಯ ವಿನಾಯಿತಿ ಕಳೆದ ಮೇಲೆ 50,000 ರೂಪಾಯಿ ಸ್ಟ್ಯಾಂಡರ್ಡ್ ಡಿಡಕ್ಷನ್ ಮತ್ತು ವೃತ್ತಿ ತೆರಿಗೆ ಹೋಗುತ್ತವೆ. ನಂತರ ಭವಿಷ್ಯ ನಿಧಿಯ 57,600, ಜೀವ ವಿಮೆಯ ಕಂತು 30,000 ಸೇರಿ 80ಸಿ ಅಡಿಯಲ್ಲಿ 87,600. ಆರೋಗ್ಯ ವಿಮೆಗೆ 80ಡಿ ಅಡಿಯಲ್ಲಿ 18,000. ಕೊನೆಗೆ ಉಳಿಯುವ ತೆರಿಗೆಯ ಆದಾಯ 6,10,000. ಸಾರಾಂಶದಲ್ಲಿ ಇವೆಲ್ಲವನ್ನೂ ಸೇರಿಸಿ ‘2,90,000 ಕಳೆದಿದೆ’ ಎಂದು ಬರೆದರೆ ಸಾಕು. ಆದರೆ ಬಾಡಿಗೆಯ ಮೊತ್ತವನ್ನು ಬೇರೆಯಾಗಿ ಕಾಣಿಸುವುದು ಒಳ್ಳೆಯದು, ಏಕೆಂದರೆ ಮರುಪ್ರಶ್ನೆ ಬರುವುದು ಅದರ ಬಗ್ಗೆಯೇ. ಈ ಮೊತ್ತಗಳು ಕಡಿಮೆ ಮಾಡುವುದು ಆದಾಯವನ್ನು, ತೆರಿಗೆಯನ್ನಲ್ಲ ಎಂಬುದನ್ನೂ ಹೇಳಬೇಕಾಗುತ್ತದೆ. 30,000 ರೂಪಾಯಿ ವಿಮೆ ಕಟ್ಟಿದವರಿಗೆ ಇಲ್ಲಿ ಉಳಿದ ತೆರಿಗೆ 6,240 ರೂಪಾಯಿ.

6,10,000ಕ್ಕೆ ಹಳೆಯ ಪದ್ಧತಿಯಲ್ಲಿ ಬರುವ ತೆರಿಗೆ 34,500. ಅದರ ಮೇಲೆ ಶೇ 4ರ ಆರೋಗ್ಯ ಮತ್ತು ಶಿಕ್ಷಣ ಸೆಸ್ 1,380 ಸೇರಿ 35,880. ತಿಂಗಳಿಗೆ 2,990ರಂತೆ ಹಿಡಿಯಲಾಗಿದೆ. ಇಷ್ಟೇ ಸಂಬಳದ ಸಹೋದ್ಯೋಗಿಯ ಫಾರ್ಮಿನಲ್ಲಿ 33,800 ಎಂದಿದ್ದರೆ ಸಂಬಳ ವಿಭಾಗ ತಪ್ಪು ಮಾಡಿದೆ ಎಂದರ್ಥವಲ್ಲ. ಅವರು ಹೊಸ ಪದ್ಧತಿಯಲ್ಲಿದ್ದಾರೆ. ಅಲ್ಲಿ ಬಾಡಿಗೆ, 80ಸಿ, ವೃತ್ತಿ ತೆರಿಗೆ ಯಾವುದೂ ಕಳೆಯುವುದಿಲ್ಲ. 75,000 ರೂಪಾಯಿ ಸ್ಟ್ಯಾಂಡರ್ಡ್ ಡಿಡಕ್ಷನ್ ಮಾತ್ರ. ಆದರೂ ದರ ಕಡಿಮೆ ಇರುವುದರಿಂದ 8,25,000ಕ್ಕೆ ತೆರಿಗೆ ಇಷ್ಟೇ ಆಗುತ್ತದೆ. ರಸೀದಿಗಳನ್ನು ಜತನದಿಂದ ಕೂಡಿಟ್ಟವರು 2,080 ರೂಪಾಯಿ ಹೆಚ್ಚು ಕಟ್ಟಿದ್ದಾರೆ ಎಂಬುದು ಅವರಿಗೆ ಹಿಡಿಸದ ಉತ್ತರ, ಆದರೆ ಲೆಕ್ಕ ಅದೇ. ವ್ಯಾಪಾರದ ಆದಾಯವಿಲ್ಲದ ಸಂಬಳದಾರರು ಗಡುವಿನೊಳಗೆ ರಿಟರ್ನ್ ಸಲ್ಲಿಸುವಾಗ ಪದ್ಧತಿ ಬದಲಿಸಿಕೊಂಡು ಈ ಹಣವನ್ನು ಮರಳಿ ಕೇಳಬಹುದು.

ವಿನಾಯಿತಿಯ ಸಾಲಿನಲ್ಲಿ ಬಾಡಿಗೆ ಸೊನ್ನೆ ಎಂದಿದ್ದರೆ ಕಾರಣ ಸಾಮಾನ್ಯವಾಗಿ ದಾಖಲೆಯ ಕೊರತೆ. ಏಪ್ರಿಲ್‌ನಲ್ಲಿ ಬಾಯಿಮಾತಿಗೆ ಒಪ್ಪಿದ ಬಾಡಿಗೆಗೆ ವರ್ಷದ ಕೊನೆಯ ತಿಂಗಳುಗಳಲ್ಲಿ ರಸೀದಿ ಕೇಳುತ್ತಾರೆ. ಬಾಡಿಗೆ ವರ್ಷಕ್ಕೆ ಒಂದು ಲಕ್ಷ ಮೀರಿದರೆ ಮನೆ ಮಾಲೀಕರ ಪ್ಯಾನ್ ಸಂಖ್ಯೆಯೂ ಬೇಕು. ಮಾಲೀಕರು ಪ್ಯಾನ್ ಕೊಡಲು ಒಪ್ಪದಿದ್ದರೆ ಈ ನೌಕರರ ತೆರಿಗೆ 63,336ಕ್ಕೆ ಏರುತ್ತದೆ. ಹೆಚ್ಚುವರಿ 27,456ನ್ನು ಫೆಬ್ರುವರಿ ಮತ್ತು ಮಾರ್ಚ್ ಸಂಬಳಗಳಲ್ಲೇ ಹಿಡಿದರೆ ತಿಂಗಳಿಗೆ 13,728 ರೂಪಾಯಿ ಕಡಿಮೆಯಾಗುತ್ತದೆ. ಮಾರ್ಚ್‌ನಲ್ಲಿ ಸಂಬಳ ಕುಸಿಯಿತು ಎಂಬ ದೂರಿನ ಹಿಂದೆ ಆಗಾಗ ಇರುವುದು ಇದೇ.

ಮೂರನೇ ಸಾಲನ್ನು ಬರೆಯುವ ಮೊದಲು ‘ಎ’ ಮತ್ತು ‘ಬಿ’ ಭಾಗಗಳನ್ನು ತಾಳೆ ನೋಡಬೇಕು. ಇಲ್ಲಿ ಪ್ರತಿ ತ್ರೈಮಾಸಿಕಕ್ಕೆ 8,970ರಂತೆ ನಾಲ್ಕು ಸಾಲು ಸೇರಿ 35,880 ಆಗಬೇಕು. ‘ಎ’ ಭಾಗದಲ್ಲಿ 26,910 ಮಾತ್ರ ಕಂಡರೆ ಒಂದು ತ್ರೈಮಾಸಿಕ ಪೂರ್ತಿ ಬಿಟ್ಟುಹೋಗಿದೆ ಎಂದು ನೋಡಿದ ಕೂಡಲೇ ತಿಳಿಯುತ್ತದೆ. ಆ ಅವಧಿಯ ತ್ರೈಮಾಸಿಕ ವಿವರಪಟ್ಟಿಯಲ್ಲಿ, ಅಂದರೆ ಫಾರ್ಮ್ 24ಕ್ಯೂನಲ್ಲಿ, ನೌಕರರ ಪ್ಯಾನ್ ತಪ್ಪಾಗಿ ನಮೂದಾಗಿರಬಹುದು ಅಥವಾ ಚಲನ್ ಹೊಂದಾಣಿಕೆ ಆಗದಿರಬಹುದು. ಇದೇ ಕೊರತೆ ನೌಕರರ 26ಎಎಸ್ ಪಟ್ಟಿಯಲ್ಲೂ ಕಾಣುತ್ತದೆ. ರಿಟರ್ನ್‌ನಲ್ಲಿ 35,880 ಎಂದು ಬರೆದರೂ ಇಲಾಖೆ ತನ್ನ ದಾಖಲೆಯಲ್ಲಿರುವ 26,910ಕ್ಕಷ್ಟೇ ಲೆಕ್ಕ ಕೊಟ್ಟು ಉಳಿದ ತೆರಿಗೆಗೆ ಬೇಡಿಕೆ ಕಳಿಸಬಹುದು. ಇದನ್ನು ನೌಕರರು ತಾವೇ ಸರಿಪಡಿಸಲಾಗದು. ಉದ್ಯೋಗದಾತರು 24ಕ್ಯೂಗೆ ತಿದ್ದುಪಡಿ ಸಲ್ಲಿಸಿ, ‘ಎ’ ಭಾಗವನ್ನು ಟ್ರೇಸಸ್‌ನಿಂದ ಹೊಸದಾಗಿ ಇಳಿಸಿ ಕೊಡಬೇಕು. ಅಲ್ಲಿಯವರೆಗೆ ಸಂಬಳ ವಿಭಾಗದ ಉತ್ತರದಲ್ಲಿ ಹಿಡಿದ ತೆರಿಗೆ 35,880, ಇಲಾಖೆಯ ದಾಖಲೆಯಲ್ಲಿ 26,910, ವ್ಯತ್ಯಾಸ 8,970 ಎಂದು ಮೂರನ್ನೂ ತ್ರೈಮಾಸಿಕದ ಹೆಸರಿನೊಂದಿಗೆ ಬರೆದು ಕೊಡುವುದೇ ಸರಿ.